ಆ ಕಾಲು ಮ್ಯಾಗ್ನಿಟ್ಯೂಡ್ ಎಲ್ಲಿ ಹೋಯಿತು?

ಕಾರವಾರದ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ಇಲ್ಲಿ ಬರೆಯುತ್ತಿರುವುದು ಬಿಎಸ್ಸಿ ಕೊನೆಯ ವರ್ಷದ ಹುಡುಗಿಯೊಬ್ಬಳ ಪ್ರಾಜೆಕ್ಟ್ ಬಗ್ಗೆ. ಅವಳ ಊರು ಶಿರಸಿ ಹತ್ತಿರದ ಹಳ್ಳಿ. ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಸಿಗುವ ಸೂಪರ್‌ನೋವಾಗಳ, ಅಂದರೆ ಸಿಡಿದ ನಕ್ಷತ್ರಗಳ ಪಟ್ಟಿ ತೆಗೆದುಕೊಂಡು ಒಂದು ಗ್ರಾಫ್ ಹಾಕುವುದು ಅವಳ ಕೆಲಸವಾಗಿತ್ತು. ಅಡ್ಡ ಗೆರೆಯಲ್ಲಿ ಕೆಂಪುಪಲ್ಲಟ, ಅಂದರೆ ವಿಶ್ವ ಹಿಗ್ಗಿದ್ದರಿಂದ ಬೆಳಕು ಕೆಂಪಿನ ಕಡೆಗೆ ಎಷ್ಟು ಸರಿದಿದೆ ಅನ್ನುವುದು. ಉದ್ದ ಗೆರೆಯಲ್ಲಿ ಮಂಕುತನ. ಅದರ ಮೇಲೆ, ಬರೀ ದ್ರವ್ಯವಿದ್ದು ನಿಧಾನವಾಗುತ್ತಾ ಹಿಗ್ಗುವ ವಿಶ್ವದಲ್ಲಿ ಚುಕ್ಕಿಗಳು ಎಲ್ಲಿರಬೇಕು ಅನ್ನುವುದರ ಒಂದು ಗೆರೆ.

ಹತ್ತಿರದ ಚುಕ್ಕಿಗಳು ಗೆರೆಯ ಮೇಲೇ ಕೂತವು. ದೂರದವು ಕೂರಲಿಲ್ಲ. ಕೆಂಪುಪಲ್ಲಟ 0.5ರ ಆಸುಪಾಸಿನಲ್ಲಿ ಹೆಚ್ಚಿನವು ಗೆರೆಗಿಂತ ಸ್ವಲ್ಪ ಮೇಲೆ, ಅಂದರೆ ಮಂಕು ಕಡೆಗೆ ಸರಿದಿದ್ದವು. ಕಾಂತಿ ಅಳೆಯುವ ಮ್ಯಾಗ್ನಿಟ್ಯೂಡ್ ಮಾನದಲ್ಲಿ ವ್ಯತ್ಯಾಸ ಸುಮಾರು ಕಾಲು ಮ್ಯಾಗ್ನಿಟ್ಯೂಡ್. 1998ರಲ್ಲಿ ಎರಡು ತಂಡಗಳು ಕಂಡಿದ್ದೂ ಇದನ್ನೇ. ಪುಸ್ತಕಗಳಲ್ಲಿ ಇಲ್ಲಿಂದ ನೇರ 'ಆದ್ದರಿಂದ ವಿಶ್ವದ ಹಿಗ್ಗುವಿಕೆಯ ವೇಗ ಹೆಚ್ಚುತ್ತಿದೆ' ಅಂತ ಮುಗಿಸಿಬಿಡುತ್ತಾರೆ. ಆದರೆ ಅವಳು ಗ್ರಾಫ್ ನೋಡಿ ಬೇರೆಯೇ ಪ್ರಶ್ನೆ ಕೇಳಿದಳು.

"ಸರ್, ಮಂಕಾಗಿದೆ ಅಂದ್ರೆ ದೂರ ಇದೆ ಅಂತಲೇ ಯಾಕೆ ಆಗ್ಬೇಕು? ಮಧ್ಯದಲ್ಲಿ ಧೂಳಿದ್ರೆ?"

ಈ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು. ಆಮೇಲೆ ಇಡೀ ಪ್ರಾಜೆಕ್ಟ್ ಇದರ ಸುತ್ತಲೇ ನಡೆಯಿತು.

ಮೊದಲು, ದೂರ ಅಳೆಯಲು ಬಳಸುವ ಈ ಸೂಪರ್‌ನೋವಾ ಅನ್ನುವ ದೀಪವನ್ನು ನಂಬುವುದು ಯಾಕೆ ಅಂತ ನೋಡಬೇಕು. ಟೈಪ್ ಒನ್ ಎ ಸೂಪರ್‌ನೋವಾ ಅಂದರೆ ಸಿಡಿದ ಶ್ವೇತ ಕುಬ್ಜ. ಸೂರ್ಯನಂಥ ನಕ್ಷತ್ರ ಉರಿದು ಮುಗಿದ ಮೇಲೆ ಉಳಿಯುವ, ಇಂಗಾಲ ಮತ್ತು ಆಮ್ಲಜನಕದ ಬಿಗಿಯಾದ ಗಟ್ಟಿ ಅದು. ಜೊತೆಯಲ್ಲಿರುವ ನಕ್ಷತ್ರದಿಂದ ಅದಕ್ಕೆ ದ್ರವ್ಯ ಬಂದು ಸೇರುತ್ತಾ ಹೋದರೆ, ಸೂರ್ಯನ 1.4 ಪಟ್ಟು ತೂಕದ ಹತ್ತಿರ ಬಂದಾಗ ಒಳಗಿನ ಇಂಗಾಲ ಹೊತ್ತಿಕೊಂಡು ಇಡೀ ನಕ್ಷತ್ರ ಸಿಡಿಯುತ್ತದೆ. ಆ ಮಿತಿಗೆ ಚಂದ್ರಶೇಖರ್ ಹೆಸರಿದೆ. 1930ರಲ್ಲಿ, ಇನ್ನೂ 19 ವರ್ಷದ ಹುಡುಗನಾಗಿದ್ದಾಗ, ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕೂತು ಅವರು ಈ ಲೆಕ್ಕ ಶುರು ಮಾಡಿದ್ದರು. ಸಿಡಿದಾಗ ಸೂರ್ಯನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೂಕದ ನಿಕಲ್-56 ಹುಟ್ಟುತ್ತದೆ. ಅದು ಕೋಬಾಲ್ಟ್ ಆಗಿ, ಕೋಬಾಲ್ಟ್ ಕಬ್ಬಿಣವಾಗಿ ಬದಲಾಗುವಾಗ ಹೊರಬರುವ ಶಕ್ತಿಯೇ ನಮಗೆ ಕಾಣುವ ಬೆಳಕು. ನಿಕಲ್‌ನ ಅರ್ಧಾಯುಷ್ಯ 6 ದಿನ, ಕೋಬಾಲ್ಟ್‌ನದ್ದು 77 ದಿನ. ಹಾಗಾಗಿ ಬೆಳಕು ಎರಡೂವರೆ ವಾರದಷ್ಟು ಏರಿ, ಆಮೇಲೆ ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ.

ತೂಕ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬೆಳಕೂ ಒಂದೇ ಅಂತ ತುಂಬ ಕಡೆ ಬರೆದಿರುತ್ತದೆ. ಅದು ಪೂರ್ತಿ ಸರಿಯಲ್ಲ. 1991ರಲ್ಲಿ ಸಿಕ್ಕ ಎರಡು ಸೂಪರ್‌ನೋವಾಗಳೇ ಇದಕ್ಕೆ ಸಾಕ್ಷಿ. `1991T` ಮಾಮೂಲಿಗಿಂತ ಪ್ರಖರ, `1991bg` ತೀರಾ ಮಂಕು. ಇವನ್ನು ಹಾಗೇ ಅಳತೆಗೆ ಬಳಸಿದ್ದರೆ ಕಾಲು ಮ್ಯಾಗ್ನಿಟ್ಯೂಡಿನ ಮಾತೇ ಎತ್ತುವ ಹಾಗಿರಲಿಲ್ಲ. ದಾರಿ ತೋರಿಸಿದ್ದು ಚಿಲಿಯ ಸೆರ್ರೊ ಟೊಲೊಲೊ ವೀಕ್ಷಣಾಲಯದ ಮಾರ್ಕ್ ಫಿಲಿಪ್ಸ್, 1993ರಲ್ಲಿ. ತುಟ್ಟತುದಿಗೆ ಮುಟ್ಟಿದ ಮೇಲೆ 15 ದಿನದಲ್ಲಿ ನೀಲಿ ಬೆಳಕು ಎಷ್ಟು ಇಳಿಯಿತು ಅಂತ ಅವರು ಅಳೆದರು. ಬೇಗ ಇಳಿಯುವವು ಮಂಕು, ನಿಧಾನವಾಗಿ ಇಳಿಯುವವು ಪ್ರಖರ. ಅಂದರೆ ಇಳಿಯುವ ರೀತಿ ನೋಡಿದರೆ ದೀಪದ ನಿಜವಾದ ಶಕ್ತಿ ಗೊತ್ತಾಗುತ್ತದೆ. ಈ ತಿದ್ದುಪಡಿ ಮಾಡಿದ ಮೇಲೆ ಒಂದಕ್ಕೂ ಇನ್ನೊಂದಕ್ಕೂ ಉಳಿಯುವ ಏರುಪೇರು ಸುಮಾರು 0.15 ಮ್ಯಾಗ್ನಿಟ್ಯೂಡ್, ದೂರದ ಲೆಕ್ಕದಲ್ಲಿ ಶೇ. 7ರಷ್ಟು. ನನ್ನ ದೃಷ್ಟಿಯಲ್ಲಿ 1998ರ ಕಥೆ ಶುರುವಾಗುವುದು ಇಲ್ಲಿಂದಲೇ.

ಲೆಕ್ಕ ಸುಲಭವಾಗಲಿ ಅಂತ, ಕೆಂಪುಪಲ್ಲಟ ಸರಿಯಾಗಿ 0.5 ಇರುವ ಮಾದರಿ ಸೂಪರ್‌ನೋವಾ ಒಂದನ್ನು ಇಟ್ಟುಕೊಂಡೆವು. ಅಂಥದ್ದು ಹೇಗೆ ಸಿಗುತ್ತದೆ? ಒಂದು ಗ್ಯಾಲಕ್ಸಿಯಲ್ಲಿ ಇದು ಕೆಲವು ಶತಮಾನಗಳಿಗೊಮ್ಮೆ ಆಗುವ ಘಟನೆ. ಎಲ್ಲಿ, ಯಾವಾಗ ಅಂತ ಮೊದಲೇ ಹೇಳುವ ಹಾಗಿಲ್ಲ. ದೊಡ್ಡ ದೂರದರ್ಶಕದಲ್ಲಿ ಸಮಯ ಸಿಗಬೇಕಾದರೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ಈ ಇಕ್ಕಟ್ಟಿನಿಂದ ಹೊರಬರಲು ಬರ್ಕ್ಲಿಯ ಸಾಲ್ ಪರ್ಲ್‌ಮಟರ್ ಅವರ ತಂಡ ಅಮಾವಾಸ್ಯೆಯನ್ನು ಹಿಡಿದುಕೊಂಡಿತು. ಒಂದು ಅಮಾವಾಸ್ಯೆ ಕಳೆದ ಕೂಡಲೇ ಸಾವಿರಾರು ಗ್ಯಾಲಕ್ಸಿಗಳಿರುವ ಆಕಾಶದ ತುಣುಕುಗಳ ಚಿತ್ರ ತೆಗೆಯುವುದು. ಸುಮಾರು ಮೂರು ವಾರದ ನಂತರ, ಮುಂದಿನ ಅಮಾವಾಸ್ಯೆಗೆ ತುಸು ಮೊದಲು, ಅದೇ ತುಣುಕುಗಳ ಚಿತ್ರ ಮತ್ತೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಬದಲಾಗದ ಗ್ಯಾಲಕ್ಸಿಗಳೆಲ್ಲ ಅಳಿಸಿಹೋಗಿ, ಹೊಸದಾಗಿ ಬಂದ ಚುಕ್ಕಿ ಮಾತ್ರ ಉಳಿಯುತ್ತದೆ. ಮೂರು ವಾರದ ಅಂತರವಾದ್ದರಿಂದ ಹೀಗೆ ಸಿಕ್ಕವು ಹೆಚ್ಚಾಗಿ ಇನ್ನೂ ಏರುತ್ತಿರುತ್ತವೆ, ಇಲ್ಲವೇ ತುದಿಯಲ್ಲಿರುತ್ತವೆ. ಮುಂದಿನ ಕತ್ತಲ ರಾತ್ರಿಗಳಿಗೆ ದೊಡ್ಡ ದೂರದರ್ಶಕವನ್ನು ಮೊದಲೇ ಕಾದಿರಿಸಿಟ್ಟಿರಬಹುದು.

ಚುಕ್ಕಿ ಸಿಕ್ಕ ಮೇಲೆ ಅದರ ರೋಹಿತ, ಅಂದರೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದ ಪಟ್ಟಿ, ತೆಗೆಯಬೇಕು. ಅದರಲ್ಲಿ ಹೈಡ್ರೋಜನ್ ಗೆರೆ ಇರಬಾರದು, ಸಿಲಿಕಾನ್‌ನ ಅಗಲವಾದ ಕಪ್ಪು ತಗ್ಗು ಇರಬೇಕು. ಹತ್ತಿರದ ಸೂಪರ್‌ನೋವಾದಲ್ಲಿ ಆ ತಗ್ಗು 6150 ಆಂಗ್‌ಸ್ಟ್ರಾಮ್ ತರಂಗಾಂತರದ ಆಸುಪಾಸಿನಲ್ಲಿ ಕಾಣುತ್ತದೆ. ಕೆಂಪುಪಲ್ಲಟ 0.5 ಅಂದರೆ ಬೆಳಕು ಹೊರಟಾಗಿನಿಂದ ಈಗಿನವರೆಗೆ ವಿಶ್ವ ಒಂದೂವರೆ ಪಟ್ಟು ಹಿಗ್ಗಿದೆ. ಎಲ್ಲ ತರಂಗಾಂತರಗಳೂ ಒಂದೂವರೆ ಪಟ್ಟಾಗಿರುತ್ತವೆ. 4400 ಆಂಗ್‌ಸ್ಟ್ರಾಮ್‌ನಲ್ಲಿ ಹೊರಟ ನೀಲಿ ಬೆಳಕು ನಮಗೆ 6600ರಲ್ಲಿ, ಕೆಂಪಾಗಿ ತಲುಪುತ್ತದೆ. ಆದ್ದರಿಂದ ಹತ್ತಿರದ್ದನ್ನು ನೀಲಿ ಫಿಲ್ಟರ್‌ನಲ್ಲಿ, ದೂರದ್ದನ್ನು ಕೆಂಪು ಫಿಲ್ಟರ್‌ನಲ್ಲಿ ಅಳೆದರೆ ಮಾತ್ರ ಸರಿಯಾದ ಹೋಲಿಕೆ. ಸಮಯವೂ ಅಷ್ಟೇ ಹಿಗ್ಗುತ್ತದೆ. ಅಲ್ಲಿಯ 15 ದಿನ ನಮಗೆ 22 ದಿನಕ್ಕಿಂತ ಜಾಸ್ತಿ. ಇದನ್ನು ಮರೆತು ಫಿಲಿಪ್ಸ್ ತಿದ್ದುಪಡಿ ಹಾಕಿದರೆ, ಮಾಮೂಲಿ ಸೂಪರ್‌ನೋವಾ ಕೂಡ ನಿಧಾನವಾಗಿ ಇಳಿಯುವ ಪ್ರಖರ ಜಾತಿಯದ್ದಾಗಿ ಕಾಣುತ್ತದೆ. ಅದರ ನಿಜವಾದ ಶಕ್ತಿ ಜಾಸ್ತಿ ಅಂತ ತಿಳಿದು, ಇರುವುದಕ್ಕಿಂತ ದೂರ ಇಟ್ಟುಬಿಡುತ್ತೇವೆ. ಫಲಿತಾಂಶ ತಪ್ಪಿಯೂ ಸರಿಯಾದಂತೆ ಕಾಣುವ ಅಪಾಯದ ಜಾಗ ಇದು.

ಈಗ ಅಂಕಿಗಳು. ತುದಿಯಲ್ಲಿದ್ದಾಗ ಈ ಸೂಪರ್‌ನೋವಾಗಳ ನಿಜ ಕಾಂತಿ, ಅಂದರೆ 10 ಪಾರ್ಸೆಕ್ ದೂರದಿಂದ ಕಾಣಬಹುದಾದ ಮ್ಯಾಗ್ನಿಟ್ಯೂಡ್, ಸುಮಾರು −19.3. ಮ್ಯಾಗ್ನಿಟ್ಯೂಡಿನ ಅಂಕಿ ಜಾಸ್ತಿಯಾದಷ್ಟೂ ವಸ್ತು ಮಂಕು ಅನ್ನುವುದು ನೆನಪಿರಲಿ. ದೂರದ ಸೂತ್ರ ಇದು:

```
m − M = 5 log10(d) − 5
```

`m` ನಮಗೆ ಕಂಡ ಕಾಂತಿ, `M` ನಿಜ ಕಾಂತಿ, `d` ಪಾರ್ಸೆಕ್ ಲೆಕ್ಕದಲ್ಲಿ ದೂರ. ವಿಶ್ವ ಈಗ ಎಷ್ಟು ವೇಗದಲ್ಲಿ ಹಿಗ್ಗುತ್ತಿದೆ ಅಂತ ಹೇಳುವ ಹಬಲ್ ಸ್ಥಿರಾಂಕ 70 ಅಂತ ಇಟ್ಟುಕೊಂಡು, ಬೇರೆ ಬೇರೆ ವಿಶ್ವಗಳಲ್ಲಿ ಈ ಸೂಪರ್‌ನೋವಾ ಎಷ್ಟು ಮಂಕಾಗಿ ಕಾಣಬೇಕು ಅಂತ ಹುಡುಗಿಯೇ ಲೆಕ್ಕ ಹಾಕಿದಳು. ಹಿಗ್ಗುವಿಕೆ ನಿಲ್ಲುವುದಕ್ಕೂ ಮುಂದುವರಿಯುವುದಕ್ಕೂ ನಡುವಿನ ಗಡಿಯಲ್ಲಿರುವಷ್ಟು ದ್ರವ್ಯ ತುಂಬಿದ ವಿಶ್ವದಲ್ಲಿ 22.56. ಅದರ ಹತ್ತರಲ್ಲಿ ಮೂರು ಪಾಲು ದ್ರವ್ಯ ಮಾತ್ರ ಇದ್ದರೆ 22.75. ಅವಳ ಗ್ರಾಫಿನ ಗೆರೆ ಈ ಎರಡನೆಯದು. ಪಟ್ಟಿಯಲ್ಲಿ 0.5ರ ಸುತ್ತಲಿನ ಸೂಪರ್‌ನೋವಾಗಳು ಸರಾಸರಿಯಲ್ಲಿ ಕೂತಿದ್ದು ಸುಮಾರು 22.96ರಲ್ಲಿ.

"ಹಾಗಾದ್ರೆ ದ್ರವ್ಯ ಇನ್ನೂ ಕಡಿಮೆ ಅಂತ ಇಟ್ಕೊಂಡ್ರೆ ಸರಿಹೋಗ್ತದಲ್ವಾ ಸರ್?" ಅಂದಳು.

"ಪೂರ್ತಿ ಸೊನ್ನೆ ಹಾಕಿ ನೋಡು ತಂಗಿ" ಅಂದೆ.

ಸೊನ್ನೆ ಹಾಕಿದಳು. 22.84 ಬಂತು. ಏನೂ ಇಲ್ಲದ, ಎಳೆದು ನಿಧಾನ ಮಾಡುವ ವಸ್ತುವೇ ಇಲ್ಲದ ಖಾಲಿ ವಿಶ್ವದಲ್ಲೂ ಅದು ಇಷ್ಟು ಮಂಕಾಗುವುದಿಲ್ಲ. ಇನ್ನೂ 0.12 ಬಾಕಿ ಉಳಿಯುತ್ತದೆ. ದ್ರವ್ಯವನ್ನು ಸೊನ್ನೆಗಿಂತ ಕೆಳಗೆ ಇಳಿಸಲು ಆಗುವುದಿಲ್ಲ. 1998ರಲ್ಲಿ ಜನ ಬೆಚ್ಚಿದ್ದು ಇದಕ್ಕೇ. ಹತ್ತರಲ್ಲಿ ಮೂರು ಪಾಲು ದ್ರವ್ಯ, ಉಳಿದ ಏಳು ಪಾಲು ಐನ್‌ಸ್ಟೈನ್‌ನ ಕಾಸ್ಮಾಲಾಜಿಕಲ್ ಕಾನ್‌ಸ್ಟಂಟ್ ಥರದ ದೂಡುವ ಶಕ್ತಿ ಅಂತ ಹಾಕಿದರೆ 22.96 ಸರಿಯಾಗಿ ಬರುತ್ತದೆ.

ವೇಗ ಹೆಚ್ಚುವುದಕ್ಕೂ ಮಂಕಾಗುವುದಕ್ಕೂ ಏನು ಸಂಬಂಧ ಅನ್ನುವಲ್ಲಿ ಸುಮಾರು ಜನ ಎಡವುತ್ತಾರೆ. ಸೂಪರ್‌ನೋವಾ ಜೋರಾಗಿ ಓಡುತ್ತಿದೆ, ಅದಕ್ಕೇ ಮಂಕು ಅಂದುಕೊಳ್ಳುತ್ತಾರೆ. ಹಾಗಲ್ಲ. ಕೆಂಪುಪಲ್ಲಟ 0.5 ಅಂತ ನಿಗದಿಯಾಗಿದೆ, ಅಂದರೆ ವಿಶ್ವ ಎಷ್ಟು ಪಟ್ಟು ಹಿಗ್ಗಿದೆ ಅನ್ನುವುದು ನಿಗದಿ. ಅಷ್ಟು ಹಿಗ್ಗಲು ಎಷ್ಟು ಕಾಲ ಹಿಡಿಯಿತು ಅನ್ನುವುದೇ ಪ್ರಶ್ನೆ. ಈಗಿನ ವೇಗ ನಮಗೆ ಗೊತ್ತು. ಹಿಗ್ಗುವಿಕೆ ನಿಧಾನವಾಗುತ್ತಾ ಬಂದಿದ್ದರೆ ಹಿಂದೆ ಅದು ಜೋರಾಗಿತ್ತು, ಆ ಒಂದೂವರೆ ಪಟ್ಟು ಬೇಗ ಮುಗಿದಿರುತ್ತದೆ. ವೇಗ ಹೆಚ್ಚುತ್ತಾ ಬಂದಿದ್ದರೆ ಹಿಂದೆ ನಿಧಾನವಿತ್ತು, ಜಾಸ್ತಿ ಕಾಲ ಹಿಡಿದಿರುತ್ತದೆ. ದ್ರವ್ಯ ತುಂಬಿದ ವಿಶ್ವದಲ್ಲಿ ಆ ಬೆಳಕಿನ ಪ್ರಯಾಣ ಸುಮಾರು 425 ಕೋಟಿ ವರ್ಷ. ದೂಡುವ ಶಕ್ತಿ ಇರುವ ವಿಶ್ವದಲ್ಲಿ ಸುಮಾರು 500 ಕೋಟಿ ವರ್ಷ. ಜಾಸ್ತಿ ಕಾಲ ಅಂದರೆ ಜಾಸ್ತಿ ದಾರಿ, ಜಾಸ್ತಿ ದಾರಿ ಅಂದರೆ ಮಂಕು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. −19.3 ಅನ್ನುವ ಅಂಕಿಯಲ್ಲಿ ಸ್ವಲ್ಪ ತಪ್ಪಿದ್ದರೂ ಈ ತೀರ್ಮಾನ ಅಲುಗಾಡುವುದಿಲ್ಲ. ಅದನ್ನು ಬದಲಾಯಿಸಿದರೆ ಹತ್ತಿರದವು, ದೂರದವು ಎಲ್ಲ ಒಟ್ಟಿಗೇ ಮೇಲೆ ಕೆಳಗೆ ಸರಿಯುತ್ತವೆ. ಸಾಕ್ಷಿ ಇರುವುದು ಹತ್ತಿರದವಕ್ಕೂ ದೂರದವಕ್ಕೂ ನಡುವಿನ ವ್ಯತ್ಯಾಸದಲ್ಲಿ. ಹಾಗಾಗಿಯೇ ಚಿಲಿಯ ಕಲಾನ್-ಟೊಲೊಲೊ ಸಮೀಕ್ಷೆಯಲ್ಲಿ ಮಾರಿಯೊ ಹಮುಯ್ ಮತ್ತು ಜೊತೆಗಾರರು ಅಳೆದಿಟ್ಟ ಹತ್ತಿರದ 29 ಸೂಪರ್‌ನೋವಾಗಳಿಗೆ ಅಷ್ಟು ಬೆಲೆ. ಅವಿಲ್ಲದೆ ದೂರದವನ್ನು ಯಾವುದಕ್ಕೆ ಹೋಲಿಸುವುದು?

ಈಗ ಧೂಳಿನ ಪ್ರಶ್ನೆ.

ಅವಳಿಗೆ ಊರಿನದ್ದೇ ಉದಾಹರಣೆ ಕೊಟ್ಟೆ. ಬೇಸಿಗೆಯಲ್ಲಿ ಹುಲ್ಲಿನ ಬ್ಯಾಣಕ್ಕೆ ಬೆಂಕಿ ಬಿದ್ದಾಗ ಹೊಗೆಯ ಹಿಂದಿನ ಸೂರ್ಯ ಮಂಕಾಗುವುದರ ಜೊತೆ ಕೆಂಪೂ ಆಗುತ್ತಾನೆ. ಹೊಗೆಯ ಕಣ ಸಣ್ಣದು, ನೀಲಿಯನ್ನು ಜಾಸ್ತಿ ಚದುರಿಸುತ್ತದೆ. ಅದೇ ಮಳೆಗಾಲದಲ್ಲಿ ದೇವಿಮನೆ ಘಟ್ಟದ ಮಂಜಿನಲ್ಲಿ ಎದುರು ಬರುವ ಬಸ್ಸಿನ ದೀಪ ಮಂಕಾಗುತ್ತದೆ, ಆದರೆ ಕೆಂಪಾಗುವುದಿಲ್ಲ. ಮಂಜಿನ ಹನಿ ದೊಡ್ಡದು, ಎಲ್ಲ ಬಣ್ಣವನ್ನೂ ಒಂದೇ ಸಮ ತಡೆಯುತ್ತದೆ. ಗ್ಯಾಲಕ್ಸಿಗಳ ಮಾಮೂಲಿ ಧೂಳು ಹೊಗೆಯ ಜಾತಿಯದ್ದು. ಅದು ಬೆಳಕನ್ನು ತಡೆದರೆ ಬಣ್ಣದಲ್ಲಿ ಗುರುತು ಬಿಟ್ಟೇ ಬಿಡುತ್ತದೆ.

ಎಷ್ಟು ಗುರುತು? ನಮ್ಮ ಗ್ಯಾಲಕ್ಸಿಯ ಧೂಳಿನ ಲೆಕ್ಕದಲ್ಲಿ, ನೀಲಿ ಬೆಳಕು ಎಷ್ಟು ಕಡಿಮೆಯಾಗುತ್ತದೋ ಅದರ ಸುಮಾರು ನಾಲ್ಕನೇ ಒಂದು ಭಾಗದಷ್ಟು ಬಣ್ಣ ಕೆಂಪಿಗೆ ಸರಿಯುತ್ತದೆ. ಕಾಲು ಮ್ಯಾಗ್ನಿಟ್ಯೂಡ್ ಮಂಕಿಗೆ 0.06 ಮ್ಯಾಗ್ನಿಟ್ಯೂಡಿನಷ್ಟು ಕೆಂಪು. ಸಣ್ಣ ಅಳತೆ ನಿಜ. ಒಂದೇ ಸೂಪರ್‌ನೋವಾದಲ್ಲಿ ಇಷ್ಟನ್ನು ಗಟ್ಟಿಯಾಗಿ ಹೇಳುವುದು ಕಷ್ಟ, ಹತ್ತಾರರ ಸರಾಸರಿಯಲ್ಲಿ ಹೇಳಬಹುದು. ಬ್ರಯಾನ್ ಸ್ಮಿತ್ ಮತ್ತು ಆಡಂ ರೀಸ್ ಇದ್ದ ಹೈ-ಜೆಡ್ ತಂಡದ ಬಳಿ ದೂರದವು 16, ಹತ್ತಿರದವು 34 ಇದ್ದವು. ಪರ್ಲ್‌ಮಟರ್ ತಂಡದಲ್ಲಿ ದೂರದವೇ 42. ಬೇರೆ ಬೇರೆ ಹುಡುಕಾಟ, ಬೇರೆ ಬೇರೆ ಲೆಕ್ಕ. ದೂರದವು ಹತ್ತಿರದವಕ್ಕಿಂತ ಹೆಚ್ಚು ಕೆಂಪು ಅಂತ ಎರಡು ತಂಡಗಳಿಗೂ ಕಾಣಲಿಲ್ಲ. ಹೊಗೆಯ ಜಾತಿಯ ಧೂಳು ಅಲ್ಲಿಗೆ ಬಿತ್ತು.

ಆದರೆ ಮಂಜಿನ ಜಾತಿಯದ್ದು? ಗ್ಯಾಲಕ್ಸಿಗಳ ನಡುವೆ ದೊಡ್ಡ ಕಣಗಳ, ಬಣ್ಣ ಬದಲಿಸದ 'ಬೂದು ಧೂಳು' ಹರಡಿರಬಹುದು ಅಂತ ಆಂಥೊನಿ ಅಗಿರೆ 1999ರಲ್ಲಿ ಗಂಭೀರವಾಗಿಯೇ ವಾದಿಸಿದರು. ಬಣ್ಣ ನೋಡಿ ಇದನ್ನು ಹಿಡಿಯಲು ಆಗುವುದಿಲ್ಲ. ಇನ್ನೊಂದು ಅನುಮಾನವೂ ಇದಕ್ಕೆ ಜೊತೆ. 500 ಕೋಟಿ ವರ್ಷ ಹಿಂದಿನ ನಕ್ಷತ್ರಗಳಲ್ಲಿ ಭಾರದ ಧಾತುಗಳು ಕಡಿಮೆ ಇದ್ದವು. ಆಗಿನ ಸೂಪರ್‌ನೋವಾ ಹುಟ್ಟಿನಿಂದಲೇ ತುಸು ಮಂಕಾಗಿದ್ದಿರಬಹುದಲ್ಲ?

ಎರಡಕ್ಕೂ ಉತ್ತರ ಸಿಕ್ಕಿದ್ದು ಇನ್ನೂ ದೂರ ಹೋಗಿ ನೋಡಿದಾಗ. ಧೂಳಾದರೆ ದೂರ ಹೋದಷ್ಟೂ ದಾರಿಯಲ್ಲಿ ಜಾಸ್ತಿ ಸಿಗುತ್ತದೆ, ಮಂಕುತನ ಏರುತ್ತಲೇ ಹೋಗಬೇಕು. ನಕ್ಷತ್ರಗಳ ಬದಲಾವಣೆಯೂ ಹಿಂದೆ ಹೋದಷ್ಟೂ ಜಾಸ್ತಿಯಾಗಬೇಕು. ದೂಡುವ ಶಕ್ತಿ ನಿಜವಾಗಿದ್ದರೆ ಹಾಗಾಗುವುದಿಲ್ಲ. ಬಹಳ ಹಿಂದೆ ವಿಶ್ವ ಚಿಕ್ಕದಿದ್ದಾಗ ದ್ರವ್ಯ ಒತ್ತೊತ್ತಾಗಿತ್ತು, ಅದರ ಎಳೆತವೇ ಮೇಲುಗೈ. ಹಿಗ್ಗುವಿಕೆ ಆಗ ನಿಧಾನವಾಗುತ್ತಿತ್ತು. ದ್ರವ್ಯ ತೆಳುವಾದ ಮೇಲೆ, ಸುಮಾರು 500–600 ಕೋಟಿ ವರ್ಷದ ಹಿಂದೆ, ದೂಡುವ ಶಕ್ತಿ ಗೆದ್ದಿತು. ಹೀಗಾಗಿ ಕೆಂಪುಪಲ್ಲಟ 1 ದಾಟಿದ ಮೇಲೆ ಆ ಹೆಚ್ಚುವರಿ ಮಂಕುತನ ಕರಗುತ್ತಾ ಬರಬೇಕು. ಗ್ರಾಫಿನ ಚುಕ್ಕಿಗಳು ಗೆರೆಗಿಂತ ಮೇಲೆ ಹೋದವು ಮತ್ತೆ ಕೆಳಗೆ ಬಾಗಬೇಕು.

ಮೊದಲ ಸುಳಿವು ಕೊಟ್ಟಿದ್ದು `SN 1997ff`. 1997ರ ಕೊನೆಗೆ ಹಬಲ್ ದೂರದರ್ಶಕ ಈ ಮೊದಲೇ ಚಿತ್ರ ತೆಗೆದಿದ್ದ ಆಕಾಶದ ಚಿಕ್ಕ ತುಣುಕಿನಲ್ಲಿ ಇದನ್ನು ಗಿಲ್ಲಿಲ್ಯಾಂಡ್ ಮತ್ತು ಫಿಲಿಪ್ಸ್ ಕಂಡುಹಿಡಿದರು. ಅದೇ ತುಣುಕನ್ನು ಹಬಲ್‌ನ ಇನ್ಫ್ರಾರೆಡ್ ಕ್ಯಾಮೆರಾ ಬೇರೆ ಕೆಲಸಕ್ಕಾಗಿ ಆಗಲೇ ಚಿತ್ರಿಸುತ್ತಿತ್ತು. ಆ ಹಳೆಯ ಚಿತ್ರಗಳಲ್ಲಿ ಇದರ ಬೆಳಕು ಇಳಿದಿದ್ದು ದಾಖಲಾಗಿತ್ತು. ಅದನ್ನು ಕೆದಕಿ ತೆಗೆದು ರೀಸ್ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದರು. ಕೆಂಪುಪಲ್ಲಟ ಸುಮಾರು 1.7, ಬೆಳಕು ಹೊರಟು ಸುಮಾರು 1000 ಕೋಟಿ ವರ್ಷ. ಬೂದು ಧೂಳಿನ ಲೆಕ್ಕಕ್ಕಿಂತ ಅದು ಎಷ್ಟೋ ಪ್ರಖರವಾಗಿತ್ತು.

ಇದೊಂದರ ಮೇಲೇ ಎಲ್ಲ ಹೊರಿಸಬೇಡ ಅಂತ ಹುಡುಗಿಗೆ ಹೇಳಿದೆ. ಅದರ ರೋಹಿತ ಯಾರೂ ತೆಗೆದಿರಲಿಲ್ಲ. ಬಣ್ಣದಿಂದ ಮತ್ತು ಅದಿದ್ದ ದೀರ್ಘವೃತ್ತದ ಗ್ಯಾಲಕ್ಸಿಯಿಂದ ಟೈಪ್ ಒನ್ ಎ ಅಂತ ಊಹಿಸಿದ್ದು. ಎದುರಿನ ಗ್ಯಾಲಕ್ಸಿಗಳ ಗುರುತ್ವ ಅದರ ಬೆಳಕನ್ನು ತುಸು ಹೆಚ್ಚಿಸಿರಲೂಬಹುದು. ಗಟ್ಟಿ ಉತ್ತರ ಬಂದಿದ್ದು 2004ರಲ್ಲಿ. ರೀಸ್ ತಂಡ ಹಬಲ್‌ನ ಹೊಸ ಕ್ಯಾಮೆರಾ ಬಳಸಿ ಇನ್ನೂ 16 ಸೂಪರ್‌ನೋವಾ ಹಿಡಿಯಿತು. ಅದರಲ್ಲಿ ಆರು, ಆಗ ಗೊತ್ತಿದ್ದ ಅತಿ ದೂರದ ಏಳರ ಪೈಕಿಯವು. ಗ್ರಾಫ್ ಕೆಳಗೆ ಬಾಗಿತ್ತು. ಹುಡುಗಿಯ ಪಟ್ಟಿಯಲ್ಲೂ 1ರ ಆಚೆ ಚುಕ್ಕಿಗಳು ಕಡಿಮೆ, ದೋಷದ ಕಡ್ಡಿಗಳು ಉದ್ದ. ಆದರೂ ಬೂದು ಧೂಳಿನ ಗೆರೆ ಎಳೆದಾಗ ಅದು ಚುಕ್ಕಿಗಳನ್ನು ಬಿಟ್ಟು ಮೇಲೆ ಹೋಗಿದ್ದು ಬರಿಗಣ್ಣಿಗೇ ಕಾಣುತ್ತಿತ್ತು.

ವೈವಾದಲ್ಲಿ ಅವಳಿಗೆ ಒಂದು ಒಳ್ಳೆಯ ಪ್ರಶ್ನೆ ಬಂತು. ದೂರದಲ್ಲಿ ಪ್ರಖರವಾದವು ಮಾತ್ರ ಕಣ್ಣಿಗೆ ಬೀಳುತ್ತವೆ, ಮಂಕಾದವು ತಪ್ಪಿಹೋಗುತ್ತವೆ, ಇದರಿಂದ ಲೆಕ್ಕ ಕೆಡುವುದಿಲ್ಲವೇ? ಕೆಡುತ್ತದೆ, ಆದರೆ ಎದುರು ದಿಕ್ಕಿಗೆ. ಪ್ರಖರವಾದವನ್ನೇ ಆರಿಸಿದರೆ ದೂರದವು ಗೆರೆಗಿಂತ ಕೆಳಗೆ ಬರಬೇಕಿತ್ತು. ಕಂಡಿದ್ದು ಮೇಲೆ. ಅಂದರೆ ಈ ದೋಷ ಇದ್ದರೂ ಅದು ಫಲಿತಾಂಶವನ್ನು ಮುಚ್ಚಬಹುದೇ ಹೊರತು ಹುಟ್ಟಿಸಲಾರದು. ಅವಳು ಹೀಗೇ ಉತ್ತರಿಸಿದಳು.

ತಕರಾರು ಪೂರ್ತಿ ತೀರಿಲ್ಲ. ಸಿಡಿಯುವ ಮೊದಲು ಶ್ವೇತ ಕುಬ್ಜದ ಜೊತೆಗಿದ್ದುದು ಮಾಮೂಲಿ ನಕ್ಷತ್ರವೋ, ಇನ್ನೊಂದು ಶ್ವೇತ ಕುಬ್ಜವೋ ಅನ್ನುವುದು ಇನ್ನೂ ಚರ್ಚೆಯಲ್ಲಿದೆ. ಎರಡು ದಾರಿಗಳೂ ಇರಬಹುದು. 2010ರ ಸುಮಾರಿಗೆ ಇನ್ನೊಂದು ವಿಷಯ ಹೊರಬಂತು. ಎಲ್ಲ ತಿದ್ದುಪಡಿ ಮಾಡಿದ ಮೇಲೂ, ಭಾರದ ಗ್ಯಾಲಕ್ಸಿಗಳಲ್ಲಿ ಸಿಡಿದವು ಹಗುರ ಗ್ಯಾಲಕ್ಸಿಗಳಲ್ಲಿ ಸಿಡಿದವಕ್ಕಿಂತ 0.06ರಿಂದ 0.1 ಮ್ಯಾಗ್ನಿಟ್ಯೂಡಿನಷ್ಟು ಪ್ರಖರವಾಗಿ ಬರುತ್ತವೆ. ಕಾರಣ ಧೂಳಿನ ಗುಣವೋ, ನಕ್ಷತ್ರದ ವಯಸ್ಸೋ, ಇನ್ನೂ ತೀರ್ಮಾನವಾಗಿಲ್ಲ. ಹಿಗ್ಗುವಿಕೆಯ ವೇಗ ಹೆಚ್ಚುತ್ತಿದೆ ಅನ್ನುವುದಕ್ಕೆ ಇದರಿಂದ ಧಕ್ಕೆಯಿಲ್ಲ, ಆ ಕಾಲು ಮ್ಯಾಗ್ನಿಟ್ಯೂಡ್ ಇದಕ್ಕಿಂತ ಸಾಕಷ್ಟು ದೊಡ್ಡದು. ಆದರೆ ಈಗಿನ ಪ್ರಶ್ನೆ ಬೇರೆ. ದೂಡುವ ಶಕ್ತಿ ಕಾಲ ಕಳೆದಂತೆ ಬದಲಾಗುತ್ತಿದೆಯೇ ಅಂತ ತಿಳಿಯಬೇಕಾದರೆ ಹುಡುಕಬೇಕಾದ ವ್ಯತ್ಯಾಸ ಮ್ಯಾಗ್ನಿಟ್ಯೂಡಿನ ನೂರರಲ್ಲಿ ಕೆಲವು ಪಾಲು ಮಾತ್ರ. ಅಲ್ಲಿ 0.06 ಅಂದರೆ ದೊಡ್ಡದೇ. ಹಾಗಾಗಿ ಮುಂದಿನ ವರ್ಷದ ಪ್ರಾಜೆಕ್ಟ್‌ಗೆ ಅದೇ ಪಟ್ಟಿಯನ್ನು ಗ್ಯಾಲಕ್ಸಿಯ ತೂಕದ ಪ್ರಕಾರ ಎರಡು ಭಾಗ ಮಾಡಿ, ಎರಡಕ್ಕೂ ಬೇರೆ ಬೇರೆ ಗ್ರಾಫ್ ಹಾಕಿಸಬೇಕು ಅಂತಿದ್ದೇನೆ.